ಖಾತೆ ಮುಚ್ಚಿದರೂ ಕಂತು ನಿಲ್ಲುವುದಿಲ್ಲ

2025ರ ಜೂನ್ ತಿಂಗಳ ಕೊನೆಯ ಭಾನುವಾರ ನನ್ನ ತಂಗಿಯ ಮಗಳು ಹುಬ್ಬಳ್ಳಿಯಿಂದ ಫೋನ್ ಮಾಡಿದಳು. "ದೊಡ್ಡಮ್ಮ, ಹಳೇ ಸಂಬಳದ ಖಾತೆ ನಾಳೆ ಮುಚ್ಚಿಸಿಬಿಡ್ತೀನಿ. ಹತ್ತು ಸಾವಿರ ಇಡಬೇಕಂತೆ, ಇಡದಿದ್ರೆ ದಂಡ ಅಂತ ಮೆಸೇಜ್ ಬಂದಿದೆ" ಎಂದಳು. ಅವಳು ಮಾರ್ಚ್‌ನಲ್ಲಿ ಕೆಲಸ ಬದಲಿಸಿದ್ದಳು. ಹೊಸ ಕಂಪನಿ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆಸಿತ್ತು. ಕೆಲವು ತಿಂಗಳು ಸಂಬಳ ಬೀಳದೆ ಹೋದರೆ ಸಂಬಳದ ಖಾತೆಯನ್ನು ಬ್ಯಾಂಕು ಸಾಮಾನ್ಯ ಉಳಿತಾಯ ಖಾತೆಯಾಗಿ ಮಾರ್ಪಡಿಸುತ್ತದೆ. ಅಲ್ಲಿಂದ ಕನಿಷ್ಠ ಬಾಕಿಯ ನಿಯಮ ಶುರು. ಅವಳಿಗೆ ಬಂದದ್ದು ಅದೇ ಸೂಚನೆ.

"ಖಾತೆ ತೆಗೆದದ್ದು ಯಾವತ್ತು?" ಎಂದು ಕೇಳಿದೆ. ಪಾಸ್‌ಬುಕ್ ಹುಡುಕಿ ಹೇಳಿದಳು: 2024ರ ಆಗಸ್ಟ್ 18. ಇನ್ನೂ ವರ್ಷ ತುಂಬಿರಲಿಲ್ಲ. "ನಾಳೆ ಹೋಗಬೇಡ, ಮೊದಲು ಸ್ಟೇಟ್‌ಮೆಂಟ್ ಕಳಿಸು" ಎಂದೆ.

ಹಾಗೆ ತಡೆಯಲು ನನಗೊಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಾನು ಬಳಸದ ಒಂದು ಖಾತೆಯನ್ನು ಅರ್ಧ ಗಂಟೆಯಲ್ಲಿ ಮುಚ್ಚಿಸಿ, ದೊಡ್ಡ ಕೆಲಸ ಮುಗಿಸಿದ ಸಮಾಧಾನದಲ್ಲಿ ಮನೆಗೆ ಬಂದಿದ್ದೆ. ಆ ಖಾತೆಯಿಂದ ವರ್ಷಕ್ಕೊಮ್ಮೆ ನಮ್ಮ ಮನೆಯ ಆರೋಗ್ಯ ವಿಮೆಯ ಕಂತು ತಾನಾಗಿ ಕಡಿತವಾಗುತ್ತಿತ್ತು. ಅದು ನನ್ನ ನೆನಪಿನಲ್ಲೇ ಇರಲಿಲ್ಲ. ಕಂತು ವಾಪಸಾಯಿತು. ಕಂಪನಿಯ ಮೇಲ್ ಬೇರೆಲ್ಲೋ ಹೋಗಿ ಬಿದ್ದಿತ್ತು. ಆರೋಗ್ಯ ವಿಮೆ ನವೀಕರಿಸಲು ಗಡುವಿನ ನಂತರ ಸಿಗುವ 30 ದಿನಗಳಲ್ಲಿ 22ನೇ ದಿನ ನನಗೆ ವಿಷಯ ಗೊತ್ತಾಯಿತು. ಇನ್ನೆಂಟು ದಿನ ಕಳೆದಿದ್ದರೆ ಹಳೆಯ ಕಾಯಿಲೆಗಳಿಗೆ ಕಾದು ಗಳಿಸಿಕೊಂಡಿದ್ದ ರಕ್ಷಣೆ ಹೋಗಿ, ಹೊಸಬರ ಹಾಗೆ ಮೊದಲಿನಿಂದ ಕಾಯಬೇಕಿತ್ತು. ಆ 22 ದಿನಗಳಲ್ಲಿ ಮನೆಯಲ್ಲಿ ಯಾರೂ ಆಸ್ಪತ್ರೆ ಸೇರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ.

ಮೊದಲು ಶುಲ್ಕದ ವಿಷಯ ಮುಗಿಸುತ್ತೇನೆ. ಉಳಿತಾಯ ಖಾತೆ ಮುಚ್ಚಲು ಎಷ್ಟು ಶುಲ್ಕ ಎಂದು ರಿಸರ್ವ್ ಬ್ಯಾಂಕ್ ಒಂದು ಮೊತ್ತ ಗೊತ್ತುಮಾಡಿಲ್ಲ. ಅದು ಸಮಂಜಸವಾಗಿರಬೇಕು, ಗ್ರಾಹಕರಿಗೆ ಮೊದಲೇ ತಿಳಿದಿರಬೇಕು ಎಂಬುದು ನಿಯಮ. ಮೊತ್ತವನ್ನು ಆಯಾ ಬ್ಯಾಂಕೇ ನಿರ್ಧರಿಸುತ್ತದೆ. ಆದರೂ ಹೆಚ್ಚಿನ ಬ್ಯಾಂಕುಗಳ ಪದ್ಧತಿ ಒಂದೇ ಅಚ್ಚಿನದು. ಖಾತೆ ತೆಗೆದ ಮೊದಲ 14 ದಿನಗಳೊಳಗೆ ಮುಚ್ಚಿದರೆ ಶುಲ್ಕವಿಲ್ಲ. ಕೆಲವು ಬ್ಯಾಂಕುಗಳು 30 ದಿನ ಕೊಡುತ್ತವೆ. ಅಲ್ಲಿಂದ ಒಂದು ವರ್ಷ ತುಂಬುವವರೆಗೆ ಶುಲ್ಕವಿದೆ. ವರ್ಷ ದಾಟಿದ ಮೇಲೆ ಮತ್ತೆ ಇಲ್ಲ. ಸ್ಟೇಟ್ ಬ್ಯಾಂಕ್ 2017ರ ಅಕ್ಟೋಬರ್‌ನಲ್ಲಿ ವರ್ಷ ದಾಟಿದ ಖಾತೆಗಳಿಗೆ ಈ ಶುಲ್ಕ ತೆಗೆದುಹಾಕಿತು; 14 ದಿನ ಮತ್ತು ಒಂದು ವರ್ಷದ ನಡುವೆ ಮುಚ್ಚಿದರೆ 500 ರೂಪಾಯಿ ಮತ್ತು ಜಿಎಸ್‌ಟಿ ಎಂದು ಉಳಿಸಿಕೊಂಡಿತು. ಜಿಎಸ್‌ಟಿ ಶೇಕಡ 18, ಅಂದರೆ 90 ರೂಪಾಯಿ. ಒಟ್ಟು 590. ನಿಮ್ಮ ಬ್ಯಾಂಕಿನ ಮೊತ್ತ ಅದರ ಜಾಲತಾಣದ ಸೇವಾ ಶುಲ್ಕಗಳ ಪಟ್ಟಿಯಲ್ಲಿ ಇರುತ್ತದೆ. ಶಾಖೆಯಲ್ಲೂ ಕೇಳಿ ನೋಡಬಹುದು.

ನಮ್ಮ ಹುಡುಗಿಯ ಬ್ಯಾಂಕಿನಲ್ಲೂ 500 ಮತ್ತು ಜಿಎಸ್‌ಟಿ ಇತ್ತು. ಅವಳು ಫೋನ್ ಮಾಡಿದ ದಿನದಿಂದ ವರ್ಷ ತುಂಬಲು 50 ದಿನ ಬಾಕಿ. ಅಷ್ಟು ದಿನ 10,000 ರೂಪಾಯಿ ಅಲ್ಲೇ ಬಿಟ್ಟರೆ ನಷ್ಟವೇನು? ಉಳಿತಾಯ ಖಾತೆಯ ಬಡ್ಡಿ ಆಗ ಶೇಕಡ ಎರಡೂವರೆ. ಆ ಲೆಕ್ಕದಲ್ಲಿ 50 ದಿನಕ್ಕೆ ಸುಮಾರು 34 ರೂಪಾಯಿ ಬರುತ್ತದೆಯೇ ಹೊರತು ಹೋಗುವುದೇನೂ ಇಲ್ಲ. ಕನಿಷ್ಠ ಬಾಕಿಯ ದಂಡ ತಪ್ಪಿತು, ಮುಚ್ಚುವ ಶುಲ್ಕವೂ ತಪ್ಪಿತು. ಹಣವನ್ನು ತುರ್ತಾಗಿ ಬೇರೆಡೆ ಬಳಸಬೇಕಾದವರಿಗೆ ಮಾತ್ರ ಈ ಲೆಕ್ಕ ಒಗ್ಗುವುದಿಲ್ಲ. ಅಂಥವರು ದಂಡ ಎಷ್ಟು ತಿಂಗಳು, ಎಷ್ಟು ಬೀಳುತ್ತದೆ ಎಂದು ಕೂಡಿಸಿ 590ರ ಪಕ್ಕದಲ್ಲಿಟ್ಟು ನೋಡಬೇಕು. ಇನ್ನೂ ಏಳೆಂಟು ತಿಂಗಳು ಬಾಕಿ ಇದ್ದರೆ ಶುಲ್ಕ ಕೊಟ್ಟು ಮುಚ್ಚುವುದೇ ಅಗ್ಗವಾಗಬಹುದು.

ಕನಿಷ್ಠ ಬಾಕಿಯನ್ನು ಹೆಚ್ಚಿನ ಕಡೆ ತಿಂಗಳ ಸರಾಸರಿಯಲ್ಲಿ ಅಳೆಯುತ್ತಾರೆ. ಪ್ರತಿ ದಿನದ ಕೊನೆಯಲ್ಲಿ ಉಳಿದ ಹಣವನ್ನು ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸುವ ಲೆಕ್ಕ ಅದು. ಅವಳ ಖಾತೆಯಿಂದ ಜುಲೈನಲ್ಲಿ ಇನ್ನೂ 7,850 ರೂಪಾಯಿ ಕಂತುಗಳು ಹೋಗಬೇಕಿದ್ದವು. ಹಾಗಾಗಿ ತಿಂಗಳ ಆರಂಭದಲ್ಲೇ 17,850 ಇಡಲು ಹೇಳಿದೆ. ಒಂದು ವೇಳೆ ಬಾಕಿ ಕಡಿಮೆಯಾದರೂ ಬ್ಯಾಂಕು ತಿಳಿಸದೆ ದಂಡ ಹಾಕುವಂತಿಲ್ಲ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಸೂಚನೆ ಕೊಟ್ಟು ಸರಿಪಡಿಸಲು ಒಂದು ತಿಂಗಳು ಸಮಯ ಕೊಡಬೇಕು. ಬರೀ ಈ ದಂಡದಿಂದಾಗಿ ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತೆಯೂ ಇಲ್ಲ. ಖಾತೆ ಮುಚ್ಚಲು ಹೋದಾಗ "ನಿಮ್ಮದು ಮೈನಸ್‌ನಲ್ಲಿದೆ, ಮೊದಲು ಕಟ್ಟಿ" ಎಂದರೆ ಆ ಮೈನಸ್ ಯಾವ ಶುಲ್ಕದ್ದು ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಶುಲ್ಕದ ಮಾತಿಗೆ ಇನ್ನೊಂದು ಸೇರಿಸಬೇಕು. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ ಎಷ್ಟೋ ಕಡೆ ಮೊದಲ ವರ್ಷ ಇಲ್ಲದೆ, ವರ್ಷ ತುಂಬುತ್ತಿದ್ದಂತೆ ಬೀಳುತ್ತದೆ. ಅವಳ ಕಾರ್ಡಿಗೆ ಅದು 250 ರೂಪಾಯಿ, ಜಿಎಸ್‌ಟಿ ಸೇರಿ 295. ಮುಚ್ಚುವ ಶುಲ್ಕ ಉಳಿಸಲು ವರ್ಷ ದಾಟುವವರೆಗೆ ಕಾದವರು ಇಲ್ಲಿ ಅರ್ಧ ಹಣ ಕಳೆದುಕೊಳ್ಳುತ್ತಾರೆ. ಕಾರ್ಡನ್ನು ವರ್ಷ ತುಂಬುವ ಮೊದಲೇ ಬ್ಲಾಕ್ ಮಾಡಿಸಿ, ಖಾತೆಯನ್ನು ವರ್ಷ ತುಂಬಿದ ಮೇಲೆ ಮುಚ್ಚಿಸುವುದು ಸರಿಯಾದ ಕ್ರಮ. ಆದರೆ ಕಾರ್ಡ್ ಬ್ಲಾಕ್ ಮಾಡುವ ಮೊದಲು ಅದಕ್ಕೆ ಏನೇನು ಕಟ್ಟಿಕೊಂಡಿದೆ ಎಂದು ನೋಡಬೇಕು. ಇಲ್ಲಿಂದ ನಿಜವಾದ ಕೆಲಸ ಶುರುವಾಗುತ್ತದೆ.

ಅವಳು ಕಳಿಸಿದ ಸ್ಟೇಟ್‌ಮೆಂಟನ್ನು ಇಬ್ಬರೂ ಫೋನಿನಲ್ಲೇ ಸಾಲು ಸಾಲಾಗಿ ಓದಿದೆವು. ಖಾತೆ ಹಳೆಯದಾಗಿದ್ದರೆ ಹಿಂದಿನ 13 ತಿಂಗಳದ್ದು ತೆಗೆಯಬೇಕು. ಆರು ತಿಂಗಳದ್ದು ನೋಡಿದರೆ ವರ್ಷಕ್ಕೊಮ್ಮೆ ಬರುವ ವಿಮೆ, ಲಾಕರ್ ಬಾಡಿಗೆ, ಚಂದಾ ಇವು ಕಣ್ಣಿಗೆ ಬೀಳುವುದಿಲ್ಲ. 12 ತಿಂಗಳದ್ದಾದರೆ ತಾರೀಕು ನಾಲ್ಕು ದಿನ ಹಿಂದೆ ಮುಂದೆ ಆದದ್ದು ಅಂಚಿನಲ್ಲಿ ತಪ್ಪಿಹೋಗಬಹುದು. ವಿವರದ ಕಾಲಮ್ಮಿನಲ್ಲಿ ACH, NACH, ECS, SI, MANDATE, AUTOPAY ಎಂಬ ಅಕ್ಷರಗಳಿದ್ದರೆ ಅದು ತಾನಾಗಿ ಆಗುವ ಕಡಿತ. ಅವಳ ಖಾತೆಯಲ್ಲಿ ಆರು ಸಿಕ್ಕವು. ಅವಳಿಗೆ ನೆನಪಿದ್ದದ್ದು ಮೂರು.

ನಮಗೆ ಎಲ್ಲವೂ 'ಆಟೋ ಡೆಬಿಟ್' ಎಂಬ ಒಂದೇ ಹೆಸರಿನಲ್ಲಿ ಗೊತ್ತು. ಆದರೆ ಅವುಗಳ ಬೀಗದಕೈ ಬೇರೆ ಬೇರೆಯವರ ಹತ್ತಿರ ಇರುತ್ತದೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂದರೆ ನಾವು ನಮ್ಮ ಬ್ಯಾಂಕಿಗೇ ಕೊಟ್ಟ ಆದೇಶ: ತಿಂಗಳ ಇಂಥ ತಾರೀಕು ಇಷ್ಟು ಹಣವನ್ನು ಆರ್‌ಡಿಗೆ ಹಾಕು, ಅಮ್ಮನ ಖಾತೆಗೆ ಕಳಿಸು ಎಂದು. ಅದನ್ನು ಬ್ಯಾಂಕಿನಲ್ಲೇ ನಿಲ್ಲಿಸಬಹುದು. ಖಾತೆ ಮುಚ್ಚಿದರೆ ತಾನೂ ಸಾಯುತ್ತದೆ. ನ್ಯಾಚ್ ಮ್ಯಾಂಡೇಟ್ ಹಾಗಲ್ಲ. ಸಾಲ ಕೊಟ್ಟ ಸಂಸ್ಥೆಗೋ ಮ್ಯೂಚುವಲ್ ಫಂಡಿಗೋ 'ನನ್ನ ಖಾತೆಯಿಂದ ಹಣ ಎಳೆದುಕೊಳ್ಳಿ' ಎಂದು ನಾವು ಕೊಟ್ಟ ಅನುಮತಿ ಅದು. ಕೇಳುವುದು ಅವರು, ಕೊಡುವುದು ನಮ್ಮ ಬ್ಯಾಂಕು, ನಡುವೆ ವ್ಯವಸ್ಥೆ ನಡೆಸುವುದು ಎನ್‌ಪಿಸಿಐ. ಖಾತೆ ಮುಚ್ಚಿದ ಸುದ್ದಿಯನ್ನು ಯಾರೂ ಅವರಿಗೆ ಹೇಳುವುದಿಲ್ಲ. ಮುಂದಿನ ತಾರೀಕಿಗೆ ಅವರು ಎಂದಿನಂತೆ ಕೇಳುತ್ತಾರೆ, ಬ್ಯಾಂಕು 'ಖಾತೆ ಮುಚ್ಚಿದೆ' ಎಂದು ವಾಪಸು ಮಾಡುತ್ತದೆ, ಅವರ ಪುಸ್ತಕದಲ್ಲಿ ಅದು ಬೌನ್ಸ್ ಆದ ಕಂತು. ಯುಪಿಐ ಆಟೋಪೇ ನಾವು ಅನುಮತಿ ಕೊಟ್ಟ ಆ್ಯಪಿನಲ್ಲಿ ಇರುತ್ತದೆ. ಡೆಬಿಟ್ ಕಾರ್ಡಿಗೆ ಕಟ್ಟಿದ ಚಂದಾ ಕಾರ್ಡಿನ ಜೊತೆಗಿರುತ್ತದೆ.

ಬೈಕ್ ಸಾಲದ ಕಂತನ್ನೇ ತೆಗೆದುಕೊಳ್ಳೋಣ, ಹಾನಿ ಹೆಚ್ಚು ಆಗುವುದು ಅಲ್ಲೇ. ಅವಳದು ತಿಂಗಳ 5ನೇ ತಾರೀಕು 4,350 ರೂಪಾಯಿ. ಇದು ಬೌನ್ಸ್ ಆದರೆ ಸಾಲ ಕೊಟ್ಟವರು ಬೌನ್ಸ್ ಶುಲ್ಕ ಹಾಕುತ್ತಾರೆ, ತಡವಾದ ದಿನಗಳಿಗೆ ದಂಡ ಬೇರೆ. ಮುಚ್ಚುವ ಶುಲ್ಕದ 590 ಉಳಿಸಿದವರು ಅಷ್ಟನ್ನೇ ಇಲ್ಲಿ ತೆರಬೇಕಾಗುತ್ತದೆ. ಸಾಲದ ಮಾಹಿತಿ ಸಿಬಿಲ್‌ನಂಥ ಸಂಸ್ಥೆಗಳಿಗೆ 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಹೋಗುತ್ತದೆ. ಒಂದು ತಪ್ಪಿದ ಕಂತು ದಾಖಲೆಗೆ ಸೇರಲು ಮೊದಲಿನಷ್ಟು ಸಮಯ ಹಿಡಿಯುವುದಿಲ್ಲ.

ಆದ್ದರಿಂದ ಕ್ರಮ ಹೀಗೆ. ಮೊದಲು ಸಾಲ ಕೊಟ್ಟವರ ಹತ್ತಿರ ಹೋಗಿ ಹೊಸ ಖಾತೆಯ ಮ್ಯಾಂಡೇಟ್ ಕೊಡಬೇಕು. ಅವರು ಇದನ್ನು ಮ್ಯಾಂಡೇಟ್ ಸ್ವಾಪ್ ಎನ್ನುತ್ತಾರೆ. ಕೆಲವರು ಇದಕ್ಕೂ ಶುಲ್ಕ ಕೇಳುತ್ತಾರೆ. ನೆಟ್‌ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಅಥವಾ ಆಧಾರ್ ಮೂಲಕ ಮಾಡುವ ಇ-ಮ್ಯಾಂಡೇಟ್ ಕೆಲವೇ ದಿನಗಳಲ್ಲಿ ನೋಂದಣಿಯಾಗುತ್ತದೆ. ಕಾಗದದ ಫಾರಂ ಆದರೆ ವಾರಗಳು ಬೇಕು, ಸಹಿ ಹೊಂದದಿದ್ದರೆ ತಿರಸ್ಕೃತವಾಗಿ ಮತ್ತೆ ಮೊದಲಿನಿಂದ. ನೋಂದಣಿಯಾದಾಗ UMRN ಎಂಬ 20 ಅಕ್ಷರಗಳ ಸಂಖ್ಯೆ ಸಿಗುತ್ತದೆ. ಅದು ಕೈಗೆ ಬರುವವರೆಗೆ ಮ್ಯಾಂಡೇಟ್ ಆಗಿಲ್ಲವೆಂದೇ ತಿಳಿಯಬೇಕು. ಅದು ಬಂದ ಮೇಲೂ ಒಂದು ಕಂತು ಹೊಸ ಖಾತೆಯಿಂದ ಕಡಿತವಾದದ್ದನ್ನು ಕಣ್ಣಾರೆ ನೋಡಬೇಕು. ನೋಡಿದ ಮೇಲೆ ಹಳೆಯ ಮ್ಯಾಂಡೇಟನ್ನು ಹಳೆಯ ಬ್ಯಾಂಕಿನಲ್ಲಿ ರದ್ದು ಮಾಡಿಸಬೇಕು. ಇದನ್ನು ತಿರುವುಮುರುವು ಮಾಡಿ ಮೊದಲು ರದ್ದು ಮಾಡಿದರೆ ನಡುವಿನ ತಿಂಗಳ ಕಂತಿಗೆ ದಾರಿಯೇ ಇರುವುದಿಲ್ಲ.

ಅವಳು ಜುಲೈ ಮೊದಲ ವಾರ ಅರ್ಜಿ ಕೊಟ್ಟಳು. ಜುಲೈ 5ರ ಕಂತು ಹಳೆಯ ಖಾತೆಯಿಂದಲೇ ಹೋಯಿತು. ಆಗಸ್ಟ್ 5ರದ್ದು ಹೊಸ ಖಾತೆಯಿಂದ ಹೋಯಿತು. 10ನೇ ತಾರೀಕಿನ 2,000 ರೂಪಾಯಿ ಎಸ್‌ಐಪಿ ಆಗಸ್ಟ್‌ನಲ್ಲಿ ಹೋಗಲಿಲ್ಲವೆಂದು ಗಾಬರಿಯಾಗಿ ಫೋನ್ ಮಾಡಿದಳು. ಆ ದಿನ ಭಾನುವಾರ, ಮರುದಿನ ಕಡಿತವಾಯಿತು. ಎಸ್‌ಐಪಿ ಒಮ್ಮೆ ತಪ್ಪಿದರೆ ಸಾಲದಷ್ಟು ತೊಂದರೆಯಿಲ್ಲ, ಆದರೆ ತಿಂಗಳ ಎಸ್‌ಐಪಿ ಸತತ ಮೂರು ಸಲ ತಪ್ಪಿದರೆ ರದ್ದಾಗುತ್ತದೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಮ್ಯಾಂಡೇಟ್ ಬದಲಿಸಿದ ಮಾತ್ರಕ್ಕೆ ಫಂಡಿನ ದಾಖಲೆಯಲ್ಲಿ ಹಣ ವಾಪಸು ಬರುವ ಖಾತೆ ಬದಲಾಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ ಇದೆ, ಮತ್ತು ಕೆಲವೊಮ್ಮೆ ಹಳೆಯ ಖಾತೆಯ ಪುರಾವೆಯಾಗಿ ಒಂದು ಚೆಕ್ ಹಾಳೆ ಅಥವಾ ಸ್ಟೇಟ್‌ಮೆಂಟ್ ಕೇಳುತ್ತಾರೆ. ಚೆಕ್ ಬುಕ್ಕನ್ನು ಬ್ಯಾಂಕಿಗೆ ಒಪ್ಪಿಸಿ, ನೆಟ್‌ಬ್ಯಾಂಕಿಂಗ್ ನಿಂತ ಮೇಲೆ ಇದನ್ನು ಹೊಂದಿಸಲು ಪರದಾಡಬೇಕಾಗುತ್ತದೆ.

ಅವಳಿಗೆ ನೆನಪಿಲ್ಲದ ಮೂರರಲ್ಲಿ ಎರಡು ತುಂಬ ಸಣ್ಣವು: ಮೇ ಕೊನೆಯಲ್ಲಿ 436 ರೂಪಾಯಿ, 20 ರೂಪಾಯಿ. ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳು. ಎರಡರಲ್ಲೂ ಎರಡೆರಡು ಲಕ್ಷ ರೂಪಾಯಿಯ ರಕ್ಷಣೆಯಿದೆ. ಮೇ ತಿಂಗಳಲ್ಲಿ ಕಟ್ಟಿದ್ದಾಗಿದೆ, ಮುಂದಿನ ಮೇ 31ರವರೆಗೆ ಚಿಂತೆಯಿಲ್ಲ ಎಂದುಕೊಳ್ಳುವವರೇ ಹೆಚ್ಚು. ಆದರೆ ಯೋಜನೆಯ ನಿಯಮದಲ್ಲೇ ಇದೆ: ಬ್ಯಾಂಕ್ ಖಾತೆ ಮುಚ್ಚಿದರೆ ವಿಮೆಯೂ ಅಂದೇ ಮುಗಿಯುತ್ತದೆ. ಹೊಸ ಬ್ಯಾಂಕಿನಲ್ಲಿ ಮತ್ತೆ ಸೇರಬಹುದು, ಆದರೆ ಜೀವನ ಜ್ಯೋತಿಗೆ ಹೊಸದಾಗಿ ಸೇರಿದಾಗ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಇರುವುದು ಇದೊಂದೇ ವಿಮೆ. ಅಂಥ ಖಾತೆ ಮುಚ್ಚುವವರಿಗೆ ಕೌಂಟರಿನಲ್ಲಿ ಈ ಮಾತು ಹೇಳುವುದನ್ನು ಬ್ಯಾಂಕುಗಳು ಕಡ್ಡಾಯ ಮಾಡಿಕೊಳ್ಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೂರನೆಯದು ಡೆಬಿಟ್ ಕಾರ್ಡಿಗೆ ಕಟ್ಟಿದ್ದ ಒಂದು ವಾರ್ಷಿಕ ಚಂದಾ. ಕಳೆದ ಸೆಪ್ಟೆಂಬರ್‌ನಲ್ಲಿ ಒಮ್ಮೆ ಕಡಿತವಾಗಿತ್ತು. ಕಾರ್ಡಿನ ಇಂಥ ಕಡಿತಗಳಿಗೆ 24 ಗಂಟೆ ಮೊದಲು ಮೆಸೇಜ್ ಬರಬೇಕು, ಬರುತ್ತದೆ; ಆದರೆ ನಿಗಾ ಇಡುವವರು ಯಾರು? ಅದನ್ನು ರದ್ದು ಮಾಡಿ, ಆಗಸ್ಟ್ 12ರಂದು ಕಾರ್ಡ್ ಬ್ಲಾಕ್ ಮಾಡಿದಳು. ವಾರ್ಷಿಕ ಶುಲ್ಕ ಬೀಳಲಿಲ್ಲ. ಉಳಿದದ್ದು ಅದೇ ಬ್ಯಾಂಕಿನ ಆರ್‌ಡಿ, ತಿಂಗಳಿಗೆ 1,500ರಂತೆ 12 ಕಂತು. ಅದರ ಅವಧಿ ಆಗಸ್ಟ್ 20ಕ್ಕೆ ಮುಗಿಯುತ್ತಿತ್ತು. ಜೂನ್‌ನಲ್ಲೇ ಮುಚ್ಚಿಸಿದ್ದರೆ ಆರ್‌ಡಿಯನ್ನೂ ಅವಧಿಗೆ ಮೊದಲೇ ಮುರಿಸಿ ಬಡ್ಡಿ ಬಿಟ್ಟುಕೊಡಬೇಕಾಗುತ್ತಿತ್ತು. ಎಫ್‌ಡಿ, ಆರ್‌ಡಿ, ಲಾಕರ್, ಶೇರು ಅರ್ಜಿಗೆ ತಡೆಹಿಡಿದ ಹಣ ಇವುಗಳಲ್ಲಿ ಯಾವುದು ತಗುಲಿಕೊಂಡಿದ್ದರೂ ಖಾತೆ ಮುಚ್ಚುವ ಅರ್ಜಿ ಮುಂದೆ ಹೋಗುವುದಿಲ್ಲ.

ಖಾತೆಗೆ ಬರುವ ಹಣದ ಕಡೆಯೂ ಒಮ್ಮೆ ನೋಡಬೇಕು. ಆದಾಯ ತೆರಿಗೆ ವಾಪಸಾತಿಗೆ ಇ-ಫೈಲಿಂಗ್ ತಾಣದಲ್ಲಿ ಯಾವ ಖಾತೆ ದೃಢೀಕರಿಸಿದ್ದೀರಿ, ಭವಿಷ್ಯನಿಧಿಯಲ್ಲಿ ಯಾವುದಿದೆ, ಡಿಮ್ಯಾಟ್‌ನಲ್ಲಿ ಡಿವಿಡೆಂಡ್‌ಗೆ ಯಾವುದಿದೆ ಎಂಬುದನ್ನು ಬದಲಿಸಿಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿ, ಗ್ಯಾಸ್ ಸಬ್ಸಿಡಿ ಇವೆಲ್ಲ ಆಧಾರ್ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತವೆ. ಮುಚ್ಚುವ ಖಾತೆಯೇ ಜೋಡಣೆಯಾದದ್ದಾದರೆ ಮೊದಲು ಹೊಸ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಮಾಡಿಸಿ. ಆಧಾರ್ ಸಂಖ್ಯೆ ಕೊಟ್ಟರೆ ಸಾಲದು, ಸರ್ಕಾರದ ಹಣ ಈ ಖಾತೆಗೇ ಬರಲಿ ಎಂದು ಒಪ್ಪಿಗೆಯ ಫಾರಂನಲ್ಲಿ ಬರೆದುಕೊಡಬೇಕು.

ಇನ್ನೊಂದು, ಸಾಲಕ್ಕೆ ಭದ್ರತೆಯಾಗಿ ಕೊಟ್ಟ ಚೆಕ್‌ಗಳು. ಬೈಕ್ ಸಾಲದ ದಿನ ಅವಳು ಎರಡು ಖಾಲಿ ಚೆಕ್‌ಗೆ ಸಹಿ ಮಾಡಿ ಕೊಟ್ಟಿದ್ದಳು. ಖಾತೆಯೇ ಇಲ್ಲದ ಮೇಲೆ ಚೆಕ್ ಬೆಲೆಯಿಲ್ಲದ ಕಾಗದ ಎಂದು ಜನ ತಿಳಿಯುತ್ತಾರೆ. 'ಖಾತೆ ಮುಚ್ಚಿದೆ' ಎಂಬ ಷರಾದೊಂದಿಗೆ ವಾಪಸಾದ ಚೆಕ್ ಕೂಡ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಅಪರಾಧಕ್ಕೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಹೊಸ ಖಾತೆಯ ಚೆಕ್ ಕೊಟ್ಟು ಹಳೆಯವನ್ನು ವಾಪಸು ಪಡೆಯಬೇಕು. ಅವಳಿಗೆ ಇದಕ್ಕಾಗಿ ಎರಡು ಸಲ ಓಡಾಡಬೇಕಾಯಿತು.

ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಆಗಸ್ಟ್ 22ರ ಶುಕ್ರವಾರ, ಅವಳು ಶಾಖೆಗೆ ಹೋದಳು. ಅದಕ್ಕೂ ಮೊದಲು ಖಾತೆ ತೆಗೆದಂದಿನಿಂದ ಅಂದಿನವರೆಗಿನ ಸ್ಟೇಟ್‌ಮೆಂಟ್ ಮತ್ತು ಬಡ್ಡಿ ಪ್ರಮಾಣಪತ್ರ ಇಳಿಸಿಟ್ಟುಕೊಂಡಿದ್ದಳು, ಏಕೆಂದರೆ ಮುಚ್ಚಿದ ಮೇಲೆ ನೆಟ್‌ಬ್ಯಾಂಕಿಂಗ್ ತೆರೆಯುವುದಿಲ್ಲ. ಖಾತೆ ಮುಚ್ಚುವ ಫಾರಂ, ಪಾಸ್‌ಬುಕ್, ಉಳಿದ ಚೆಕ್ ಹಾಳೆಗಳು, ಚಿಪ್ ಮತ್ತು ಕಪ್ಪು ಪಟ್ಟಿ ಎರಡೂ ತುಂಡಾಗುವಂತೆ ಕತ್ತರಿಸಿದ ಕಾರ್ಡ್, ಗುರುತಿನ ಚೀಟಿ. ಫಾರಂನಲ್ಲಿ ಉಳಿದ ಹಣ ಹೋಗಬೇಕಾದ ಖಾತೆ ಸಂಖ್ಯೆ ಬರೆದಳು. ಜಂಟಿ ಖಾತೆಯಾದರೆ ಎಲ್ಲರೂ ಸಹಿ ಮಾಡಬೇಕು. 'ಇಬ್ಬರಲ್ಲಿ ಯಾರಾದರೂ' ಎಂದು ಖಾತೆ ನಡೆಸುತ್ತಿದ್ದವರೂ ಮುಚ್ಚಲು ಒಬ್ಬರೇ ಹೋಗಿ ಹಿಂದಿರುಗಿ ಬರುವುದನ್ನು ಕಂಡಿದ್ದೇನೆ.

ಕೌಂಟರಿನವರು "ಯಾಕೆ ಮೇಡಂ ಮುಚ್ಚೋದು, ಹಾಗೇ ಬಿಡಿ, ಇರಲಿ" ಎಂದರಂತೆ. ಬಿಟ್ಟರೆ ಏನಾಗುತ್ತದೆ ಎಂದು ಅವಳು ನನ್ನನ್ನು ಮೊದಲೇ ಕೇಳಿದ್ದಳು. ಎರಡು ವರ್ಷ ನಾವಾಗಿ ಯಾವ ವ್ಯವಹಾರವೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಆಮೇಲೆ ಕನಿಷ್ಠ ಬಾಕಿಯ ದಂಡ ಹಾಕುವಂತಿಲ್ಲ, ಆದರೆ ಆ ಎರಡು ವರ್ಷ ಹಾಕಬಹುದು. ಹತ್ತು ವರ್ಷವಾದರೆ ಉಳಿದ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಅರ್ಜಿ ಕೊಟ್ಟು ವಾಪಸು ಪಡೆಯಬಹುದಾದರೂ ಅದು ಮಕ್ಕಳ ತಲೆಗೆ ಬೀಳುವ ಕೆಲಸ. ಬಳಸದ ಖಾತೆಯನ್ನು ಮುಚ್ಚುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅರ್ಜಿಯ ಪ್ರತಿಯ ಮೇಲೆ ತಾರೀಕು ಮತ್ತು ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡ ಎಂದಿದ್ದೆ. ಹಾಕಿಸಿಕೊಂಡಳು. ಮಂಗಳವಾರ, ಗೌರಿ ಹಬ್ಬದ ದಿನ, ಅಂದಿನವರೆಗಿನ ಬಡ್ಡಿಯೂ ಸೇರಿ ಹಣ ಹೊಸ ಖಾತೆಗೆ ಬಂತು. ಮುಚ್ಚುವ ಶುಲ್ಕ ಕಡಿತವಾಗಿರಲಿಲ್ಲ. ಅದೇ ವಾರ ಹೊಸ ಬ್ಯಾಂಕಿನಲ್ಲಿ 436 ಮತ್ತು 20 ರೂಪಾಯಿ ಕಟ್ಟಿ ಎರಡೂ ವಿಮೆಗಳಿಗೆ ಮತ್ತೆ ಸೇರಿದಳು. ಖಾತೆ ಮುಚ್ಚಿದ ಪತ್ರವನ್ನು ಕೇಳಿ ಪಡೆದು, ಸ್ಟೇಟ್‌ಮೆಂಟಿನ ಜೊತೆ ಇಟ್ಟುಕೊಂಡಿದ್ದಾಳೆ.

ಅರ್ಜಿ ಕೊಟ್ಟೂ ಬ್ಯಾಂಕು ಮುಚ್ಚದಿದ್ದರೆ, ಅಥವಾ ವರ್ಷ ದಾಟಿದ ಮೇಲೂ ಶುಲ್ಕ ಹಿಡಿದರೆ, ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು. ಮಾಹಿತಿಗೆ ದೂರವಾಣಿ 14448. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೊಹರು ಬಿದ್ದ ಆ ಅರ್ಜಿಯ ಪ್ರತಿ ಮಾತ್ರ ನಿಮ್ಮ ಕೈಯಲ್ಲಿರಲಿ.